ಶುಕ್ರವಾರದ ರಿಪೋರ್ಟು ಮತ್ತು ಬಣ್ಣ ಬದಲಾದ ಆ ಒಂದು ಸಾಲು

ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ನಾನು ಒಂದು ಪುಟದ ಸ್ಟೇಟಸ್ ರಿಪೋರ್ಟ್ ಕಳಿಸಬೇಕು. ಐಟಿ ಕೆಲಸದಲ್ಲಿರುವವರಿಗೆ ಈ ಪುಟ ಚೆನ್ನಾಗಿ ಗೊತ್ತು. ಎಡಗಡೆ ಕೆಲಸದ ಹೆಸರು, ಪಕ್ಕದಲ್ಲಿ ಅದು ಹೇಗೆ ಸಾಗಿದೆ ಅಂತ ಹೇಳುವ ಬಣ್ಣ, ಗ್ರೀನ್, ಆಂಬರ್ ಅಥವಾ ರೆಡ್, ಅದರ ಮುಂದೆ ಎರಡು ಸಾಲು ವಿವರಣೆ. ಇವತ್ತು ಆ ಎರಡು ಸಾಲಿನ ಬಗ್ಗೆಯೇ ಬರೆಯಬೇಕು ಅನ್ನಿಸಿದೆ. ಅದನ್ನು ಸರಿಯಾಗಿ ಬರೆಯದೆ ಐದು ವಾರ ಸುಮ್ನೆ ಕೂತು, ಒಂದು ಪ್ರಾಜೆಕ್ಟ್‌ನಲ್ಲಿ ನಾವು ಮೂರು ತಿಂಗಳು ಕಳೆದುಕೊಂಡೆವು.

ಸಾಲ ಕೊಡುವ ಒಂದು ಕಂಪನಿಯ ಕೆಲಸ ಅದು. ಹಳೇ ಸಾಫ್ಟ್‌ವೇರ್‌ನಲ್ಲಿದ್ದ 2,40,000 ಸಾಲದ ಖಾತೆಗಳನ್ನು ಹೊಸದಕ್ಕೆ ಸಾಗಿಸಬೇಕಿತ್ತು. ಇಂಥ ಕೆಲಸಕ್ಕೆ ಮೊದಲು ಮಾಕ್ ರನ್ ಮಾಡುತ್ತೇವೆ. ಅಂದರೆ ಎಲ್ಲ ಖಾತೆಗಳನ್ನೂ ಒಂದು ಸಲ ಸಾಗಿಸಿ, ಎರಡೂ ಕಡೆಯ ಬಾಕಿ ಹೊಂದುತ್ತಾ ಅಂತ ತಾಳೆ ನೋಡುವುದು. ಮೊದಲ ಸಲ 6,300 ಖಾತೆಗಳಲ್ಲಿ ಬಾಕಿ ತಾಳೆಯಾಗಲಿಲ್ಲ. ಪ್ರೋಗ್ರಾಂ ಸರಿ ಮಾಡಿ ಮತ್ತೆ ಓಡಿಸಿದಾಗ 4,100. ಮೂರನೇ ಸಲ 3,700. ಗೋ-ಲೈವ್‌ಗೆ, ಅಂದರೆ ಹೊಸ ಸಾಫ್ಟ್‌ವೇರ್ ಬಳಕೆಗೆ ಬರುವ ದಿನಕ್ಕೆ, ಆಗ ಐದು ವಾರ ಇತ್ತು.

ನೂರಕ್ಕೆ 98.5ರಷ್ಟು ಸರಿಯಾಗಿದೆ ಅಂದರೆ ಯಾರಿಗೆ ಆದರೂ ಖುಷಿಯೇ. ಆದರೆ ಇಳಿಕೆಯನ್ನು ನೋಡಿ. ಮೊದಲು 2,200 ಇಳಿದಿತ್ತು, ಆಮೇಲೆ ಬರೀ 400. ಇಳಿಕೆ ನಿಲ್ಲುತ್ತಾ ಬಂದಿದೆ ಅಂದರೆ ಉಳಿದಿರುವುದು ಬೇರೆ ಜಾತಿಯ ತೊಂದರೆ ಅಂತ ಅರ್ಥ. ನಮ್ಮ ತಂಡದಲ್ಲಿ ಒಬ್ಬ ಹುಡುಗಿ ಇದನ್ನು ಅವತ್ತೇ ಹಿಡಿದಳು. ನನ್ನನ್ನು ಕರೆದು ಒಂದು ಖಾತೆ ತೆಗೆದು ತೋರಿಸಿದಳು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತೇ ಇಲ್ಲ. ಕೋವಿಡ್ ಸಮಯದಲ್ಲಿ ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತಲ್ಲ, ಅದು. ಆ ಆರು ತಿಂಗಳ ಬಡ್ಡಿ ಅಸಲಿಗೆ ಸೇರಿತ್ತು. ಚಕ್ರಬಡ್ಡಿಯ ವ್ಯತ್ಯಾಸವನ್ನು ಸರ್ಕಾರ ವಾಪಸ್ ಕೊಟ್ಟಾಗ ನವೆಂಬರ್‌ನಲ್ಲಿ ಒಂದು ಸಣ್ಣ ಮೊತ್ತ ಜಮಾ ಆಗಿತ್ತು. ಅದನ್ನು ಯಾರೋ ಕೈಯಲ್ಲೇ ನಮೂದಿಸಿ, ಮುಂದೆ ‘ಅಡ್ಜಸ್ಟ್‌ಮೆಂಟ್’ ಅಂತ ಬರೆದು ಬಿಟ್ಟಿದ್ದರು. ಒಂದು ಬ್ರಾಂಚ್‌ನವರು ಸಾಲದ ಅವಧಿ ಹೆಚ್ಚಿಸಿದ್ದರು, ಇನ್ನೊಂದು ಬ್ರಾಂಚ್‌ನವರು ಕಂತಿನ ಮೊತ್ತ ಹೆಚ್ಚಿಸಿದ್ದರು.

“ಸರ್, ಇದಕ್ಕೆ ಒಂದು ರೂಲ್ ಅಂತ ಇಲ್ಲ. ಇನ್ನು ಕೋಡ್ ಬರೆದ್ರೆ ಇಳಿಯಲ್ಲ. ಒಂದೊಂದಾಗಿ ತೆಗೆದು ನೋಡ್ಬೇಕು” ಅಂದಳು.

ಒಂದು ಖಾತೆಗೆ 20 ನಿಮಿಷ. 3,700 ಖಾತೆಗೆ ಸುಮಾರು 1,233 ಗಂಟೆ. ಈ ಕೆಲಸ ಗೊತ್ತಿದ್ದವರು ಇಬ್ಬರೇ. ದಿನಕ್ಕೆ ಏಳೇಳು ಗಂಟೆ ಕೂತರೂ 88 ದಿನ ಬೇಕು. ನಮ್ಮ ಹತ್ತಿರ ಇದ್ದದ್ದು 25 ಕೆಲಸದ ದಿನ. ಇಷ್ಟು ಲೆಕ್ಕ ಹಾಕಿ ಅವಳು ರಿಪೋರ್ಟ್‌ನಲ್ಲಿ ರೆಡ್ ಹಾಕಿದಳು. ‘3,700 ಖಾತೆ ಕೈಯಲ್ಲೇ ನೋಡಬೇಕು, ಇಬ್ಬರಿಂದ ಆಗುವುದಿಲ್ಲ’ ಅಂತ ಬರೆದಳು.

ನಾನು ಅದನ್ನು ಆಂಬರ್ ಮಾಡಿದೆ. ‘ಕೆಲವು ಖಾತೆಗಳ ವ್ಯತ್ಯಾಸ ಪರಿಶೀಲನೆಯಲ್ಲಿದೆ, ನಿಗಾ ಇಟ್ಟಿದ್ದೇವೆ’ ಅಂತ ತಿದ್ದಿದೆ. ಹೇಗಾದರೂ ದಾರಿ ಸಿಗುತ್ತೆ, ಈಗಲೇ ಯಾಕೆ ಗಾಬರಿ ಮಾಡಬೇಕು ಅಂದುಕೊಂಡೆ. ನನ್ನ ಮೇಲಿನವರು ಕ್ಲೈಂಟ್ ಜೊತೆಗಿನ ಸಭೆಗೆ ಅದನ್ನೇ ಗ್ರೀನ್ ಮಾಡಿದರು. ‘ಡೇಟಾ ಮೈಗ್ರೇಷನ್ 98.5% ಮುಗಿದಿದೆ.’ ಮೂವರಲ್ಲಿ ಯಾರೂ ಸುಳ್ಳು ಅಂಕಿ ಬರೆದಿರಲಿಲ್ಲ. ಆದರೂ ನಿರ್ಧಾರ ಮಾಡಬೇಕಾದವರ ಕೈಗೆ ಸಿಕ್ಕಿದ್ದು ಸುಳ್ಳೇ. ಹೊರಗೆ ಹಸಿರು, ಒಳಗೆ ಕೆಂಪು. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಕಲ್ಲಂಗಡಿ ಪ್ರಾಜೆಕ್ಟ್ ಅಂತಲೇ ಹೇಳುತ್ತಾರೆ.

ಗೋ-ಲೈವ್‌ಗೆ ನಾಲ್ಕು ದಿನ ಇರುವಾಗ ಇನ್ನೂ 2,800 ಖಾತೆ ಉಳಿದಿದ್ದವು. ಆಗ ಹೇಳಿದೆವು. ಕ್ಲೈಂಟ್ ಕಡೆಯ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಕೂಗಾಡಲಿಲ್ಲ. “ಐದು ವಾರದ ಹಿಂದೆ ಹೇಳಿದ್ರೆ ಬ್ರಾಂಚ್‌ಗಳಿಂದ ಐದು ಜನರನ್ನ ಕೊಡ್ತಿದ್ದೆ. ಈಗ ಮಾರ್ಚ್ ಲೆಕ್ಕ ಮುಗಿಯೋವರೆಗೆ ಒಬ್ಬರನ್ನೂ ಕೊಡೋಕಾಗಲ್ಲ” ಅಂದರು. ಐದು ಜನ! ನಮ್ಮ ಇಬ್ಬರ ಜೊತೆ ಸೇರಿದ್ದರೆ ಏಳು. ಏಳು ಜನಕ್ಕೆ ಹೆಚ್ಚುಕಮ್ಮಿ 25 ದಿನದ ಕೆಲಸ ಅದು. ಫೆಬ್ರವರಿಯಲ್ಲಿ ಆಗಬೇಕಿದ್ದ ಗೋ-ಲೈವ್ ಮೇ ತಿಂಗಳಿಗೆ ಹೋಯಿತು.

ಆಮೇಲೆ ನಾನು ಬಣ್ಣವನ್ನು ನೋಡುವ ರೀತಿಯೇ ಬದಲಾಯಿತು. ತಂಡ ಎಷ್ಟು ಕಷ್ಟಪಡುತ್ತಿದೆ, ನನಗೆ ಎಷ್ಟು ಧೈರ್ಯ ಇದೆ ಅನ್ನುವುದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ. ಇರುವ ಜನ, ಇರುವ ದಿನದಲ್ಲಿ ಮುಗಿಯುತ್ತೆ ಅಂದರೆ ಗ್ರೀನ್. ತಾರೀಖು ಅಲುಗಾಡುತ್ತಿದೆ, ಆದರೆ ನಾವೇ ಸರಿ ಮಾಡಬಲ್ಲೆವು, ಯಾವತ್ತಿಗೆ ಅಂತಲೂ ಗೊತ್ತಿದೆ ಅಂದರೆ ಆಂಬರ್. ನಮ್ಮ ಕೈಮೀರಿದೆ, ಮೇಲಿನವರು ಏನಾದರೂ ಕೊಡಬೇಕು ಅಥವಾ ಏನಾದರೂ ಬಿಡಬೇಕು ಅಂದರೆ ರೆಡ್. ಈ ಮೂರನ್ನು ಪ್ರಾಜೆಕ್ಟ್ ಶುರುವಾಗುವ ಮೊದಲೇ, ಎಲ್ಲರೂ ಸಮಾಧಾನದಲ್ಲಿರುವಾಗ, ಬರೆದಿಡಬೇಕು. ತೊಂದರೆ ಬಂದ ಮೇಲೆ ಕೂತರೆ ಬಣ್ಣದ ಮೇಲೆ ಚೌಕಾಸಿ ಶುರುವಾಗುತ್ತೆ.

ಜಾಸ್ತಿ ಹಾಳು ಮಾಡುವುದು ಆಂಬರ್. ಸರಿಯಾಗುವ ತಾರೀಖು ಇಲ್ಲದ ಆಂಬರ್ ನನ್ನ ಪ್ರಕಾರ ರೆಡ್ಡೇ. ಒಂದೇ ಸಾಲು ಎರಡು ವಾರ ಆಂಬರ್‌ನಲ್ಲಿ ಕೂತು, ಅದರ ತಾರೀಖೂ ಒಂದು ಸಲ ಮುಂದೆ ಹೋಗಿದ್ದರೆ, ಮೂರನೇ ವಾರ ನಾವು ಅದನ್ನು ರೆಡ್ ಮಾಡುತ್ತೇವೆ. ಹಳೇ ರಿಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ‘ನಿಗಾ ಇಟ್ಟಿದ್ದೇವೆ’ ಅನ್ನುವ ಸಾಲು ಅಕ್ಷರ ಬದಲಾಗದೆ ವಾರ ವಾರ ಬಂದಿರುತ್ತೆ. ಅಲ್ಲೇ ಕೈ ಇಡಿ.

ಇನ್ನೊಂದು ತಪ್ಪು, ಆ 3,700 ಖಾತೆಯನ್ನು ನಾವು ‘ರಿಸ್ಕ್’ ಪಟ್ಟಿಯಲ್ಲಿ ಹಾಕಿ, ಸಾಧ್ಯತೆ ‘ಮಧ್ಯಮ’ ಅಂತ ಬರೆದಿದ್ದೆವು. ಆಗಬಹುದಾದದ್ದು ರಿಸ್ಕ್. ಅದಾಗಲೇ ಆಗಿಹೋಗಿತ್ತು. ಆಗಿಹೋದದ್ದಕ್ಕೆ ಸಾಧ್ಯತೆ ಎಲ್ಲಿಂದ ಬಂತು? ಅದಕ್ಕೆ ಬೇಕಿದ್ದದ್ದು ಜನ.

ಈಗ ಅದೇ ಸಾಲನ್ನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ರೆಡ್. 3,700 ಖಾತೆ ಕೈಯಲ್ಲಿ ನೋಡಬೇಕು, ಇಬ್ಬರಿಗೆ 88 ದಿನದ ಕೆಲಸ, ಇರುವುದು 25. ಸಾಲದ ಲೆಕ್ಕ ಗೊತ್ತಿರುವ ಐದು ಜನ ಸೋಮವಾರದಿಂದ ಬೇಕು. ಸಿಗದಿದ್ದರೆ ಈ ಖಾತೆಗಳನ್ನು ಹಳೇ ಸಾಫ್ಟ್‌ವೇರ್‌ನಲ್ಲೇ ಬಿಟ್ಟು ಉಳಿದವನ್ನು ಸಾಗಿಸಬೇಕು, ಇಲ್ಲವೇ ಗೋ-ಲೈವ್ ಮುಂದೆ ಹಾಕಬೇಕು. ಲೆಕ್ಕಪತ್ರ ವಿಭಾಗ ಬುಧವಾರದೊಳಗೆ ತಿಳಿಸಲಿ.’ ಎಷ್ಟು ಮುಗಿಯಿತು ಅನ್ನುವುದಕ್ಕಿಂತ ಎಷ್ಟು ಉಳಿದಿದೆ, ದಿನಕ್ಕೆ ಎಷ್ಟು ಇಳಿಯುತ್ತಿದೆ ಅನ್ನುವುದೇ ಓದುವವರಿಗೆ ಬೇಕು.

ರೆಡ್ ಹಾಕಿದವರಿಗೇ ಮೂರು ಮೀಟಿಂಗ್ ಜಾಸ್ತಿ ಕೊಟ್ಟು, ‘ನಿಮ್ಮಿಂದ ಯಾಕಾಗಲಿಲ್ಲ’ ಅಂತ ಕೇಳುವ ಕಡೆ ಯಾರೂ ಹೀಗೆ ಬರೆಯುವುದಿಲ್ಲ. ಅದು ನನಗೂ ಗೊತ್ತು. 2006ರಲ್ಲಿ ಫೋರ್ಡ್ ಕಾರು ಕಂಪನಿಗೆ ಅಲನ್ ಮುಲಾಲಿ ಸಿಇಒ ಆಗಿ ಬಂದಾಗಲೂ ಇದೇ ಕಥೆ. ಆ ವರ್ಷ 1,200 ಕೋಟಿ ಡಾಲರ್‌ಗಿಂತ ಜಾಸ್ತಿ ನಷ್ಟ, ಆದರೆ ವಾರದ ಸಭೆಯಲ್ಲಿ ಚಾರ್ಟ್‌ಗಳೆಲ್ಲ ಹಸಿರು. ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಎಡ್ಜ್ ಕಾರಿನ ಹಿಂಬಾಗಿಲಿನ ತೊಂದರೆಗೆ ಕೆಂಪು ಹಾಕಿ ತಂದರು. ಎಲ್ಲರೂ ಉಸಿರು ಬಿಗಿಹಿಡಿದರೆ ಮುಲಾಲಿ ಚಪ್ಪಾಳೆ ತಟ್ಟಿದರು. ಯಾರು ಸಹಾಯ ಮಾಡುತ್ತೀರಿ ಅಂತ ಕೇಳಿದರು. ಆಮೇಲೆ ಉಳಿದವರ ಚಾರ್ಟ್‌ಗಳಲ್ಲೂ ಹಸಿರು ಬಿಟ್ಟು ಬೇರೆ ಬಣ್ಣ ಬರತೊಡಗಿತು.

ಅವತ್ತು ರೆಡ್ ಹಾಕಿದ ಹುಡುಗಿ ಈಗ ತನ್ನದೇ ಪ್ರಾಜೆಕ್ಟ್ ನೋಡಿಕೊಳ್ಳುತ್ತಾಳೆ. ಅವಳ ರಿಪೋರ್ಟ್ ನನ್ನ ಮೂಲಕವೇ ಕ್ಲೈಂಟ್‌ಗೆ ಹೋಗುತ್ತೆ. ಸಂದೇಹ ಬಂದರೆ ಫೋನ್ ಮಾಡಿ ಕೇಳುತ್ತೇನೆ, ಬಣ್ಣ ಮುಟ್ಟುವುದಿಲ್ಲ. ಹೋದ ಶುಕ್ರವಾರ ಒಂದು ಸಾಲು ರೆಡ್ ಇತ್ತು, ಹಾಗೇ ಕಳಿಸಿದೆ. ಐದೂವರೆಗೆ ಕ್ಲೈಂಟ್ ಕಡೆಯಿಂದ ಫೋನ್ ಬಂತು. “ನೋಡಿದೆ. ಎಷ್ಟು ಜನ ಬೇಕು, ಯಾವತ್ತಿಂದ?” ಅಂತ ಕೇಳಿದರು.