ಫ್ರಾನ್ಸಿನ ವೈದ್ಯರ ಆ್ಯಪ್‌ನಲ್ಲಿ ‘ಕಳಿಸಲಾಗಿದೆ’ ಅಂತ ಬಂದರೆ ಕೆಲಸ ಮುಗೀತಾ?

ತುಲೂಸ್‌ಗೆ ಹೊಸದಾಗಿ ಬರುವ ನಮ್ಮ ಕಡೆಯವರು ನನ್ನನ್ನು ಜಾಸ್ತಿ ಕೇಳುವುದು ಮನೆ ಬಾಡಿಗೆ ಬಗ್ಗೆ ಅಲ್ಲ, ಡಾಕ್ಟರ್ ಅಪಾಯಿಂಟ್‌ಮೆಂಟ್ ಆ್ಯಪ್ ಬಗ್ಗೆ. ಇಲ್ಲಿ ಬಹುಪಾಲು ಜನ ಬಳಸುವುದು ಡಾಕ್ಟೊಲಿಬ್. ಕಾರ್ಡ್, ಡಾಕ್ಟರ ಪತ್ರ, ಔಷಧಿ ಚೀಟಿ ಮೂರನ್ನೂ ಅದರಲ್ಲೇ ಹಾಕಬಹುದು. ಹಾಗಾಗಿ ಮೂರೂ ಒಂದೇ ಕಡೆ ಹೋಗುತ್ತವೆ ಅಂತ ಜನ ನಂಬಿಬಿಡುತ್ತಾರೆ. ನಿಜ ಹಾಗಿಲ್ಲ. ನೀವು ಅಪ್‌ಲೋಡ್ ಮಾಡಿದ್ದು ತಲುಪುವುದು ಕ್ಲಿನಿಕ್ಕಿಗೆ ಮಾತ್ರ. ದುಡ್ಡು ವಾಪಸ್ ಕೊಡುವುದು ಸರ್ಕಾರದ ಆರೋಗ್ಯ ವಿಮೆಯ ಕಚೇರಿ. ಮಾತ್ರೆ ಕೊಡುವುದು ಮೆಡಿಕಲ್ ಶಾಪಿನವರು. ಇವರಿಬ್ಬರೂ ಆ ಪರದೆಯಲ್ಲಿ ಇಲ್ಲವೇ ಇಲ್ಲ.

ಮೊದಲು ಕಾರ್ಡ್. `Carte Vitale` ಅಂದರೆ ಚಿಪ್ ಇರುವ ಹಸಿರು ಕಾರ್ಡ್. ಡಾಕ್ಟರು ಅದನ್ನು ಯಂತ್ರಕ್ಕೆ ಹಾಕಿದಾಗ ಬಿಲ್ಲು ಕಂಪ್ಯೂಟರ್ ಮೂಲಕ ವಿಮೆಗೆ ಹೋಗುತ್ತದೆ. ಅದರ ಫೋಟೊದಿಂದ ಆ ಕೆಲಸ ಆಗುವುದಿಲ್ಲ, ಕಾರ್ಡನ್ನೇ ತೆಗೆದುಕೊಂಡು ಹೋಗಿ. ಕಾರ್ಡ್ ಇನ್ನೂ ಬಂದಿಲ್ಲದವರು ಪೂರ್ತಿ ಹಣ ಕಟ್ಟಿ `feuille de soins` ಅನ್ನುವ ಕಾಗದ ಕೇಳಿ ಪಡೆದು, ಅದನ್ನು ಅಂಚೆಯಲ್ಲಿ ವಿಮೆ ಕಚೇರಿಗೆ ಕಳಿಸಬೇಕು. `Carte de mutuelle` ಬೇರೆ. ಅದು ಕಂಪನಿಯ ಮೂಲಕ ಸಿಗುವ ಪೂರಕ ವಿಮೆಯ ಕಾರ್ಡ್. ಇದರ ಫೋಟೊ ಉಪಯೋಗಕ್ಕೆ ಬರುತ್ತದೆ, ಆದರೆ ಮೇಲಿರುವ ದಿನಾಂಕ ನೋಡಿಕೊಳ್ಳಿ. ಸಾಮಾನ್ಯವಾಗಿ ವರ್ಷಕ್ಕೊಂದು ಹೊಸದು ಬರುತ್ತದೆ. ಜನವರಿಯಲ್ಲಿ ನೀವು ಬದಲಾಯಿಸದಿದ್ದರೆ ಹಳೇದೇ ಕೂತಿರುತ್ತದೆ.

ಜಾಸ್ತಿ ದುಡ್ಡು ಹೋಗುವುದು ಎರಡನೇ ವಿಷಯದಲ್ಲಿ. ಇಲ್ಲಿ 16 ವರ್ಷ ದಾಟಿದವರು ಒಬ್ಬ ಡಾಕ್ಟರನ್ನು ತಮ್ಮ `médecin traitant`, ಅಂದರೆ ಖಾಯಂ ಡಾಕ್ಟರು ಅಂತ ವಿಮೆಗೆ ತಿಳಿಸಬೇಕು. ಆ್ಯಪ್‌ನಲ್ಲಿ ಅದೇ ಡಾಕ್ಟರ ಹತ್ತಿರ ಪದೇಪದೇ ಬುಕ್ ಮಾಡಿದ ಮಾತ್ರಕ್ಕೆ ತಿಳಿಸಿದಂತಾಗುವುದಿಲ್ಲ. ಡಾಕ್ಟರು ನಿಮ್ಮ ಹಸಿರು ಕಾರ್ಡ್ ಹಾಕಿ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು, ಇಲ್ಲವೇ ಇಬ್ಬರೂ ಸಹಿ ಹಾಕಿದ ಫಾರ್ಮ್ ಹೋಗಬೇಕು. ಆಗಿದೆಯೋ ಇಲ್ಲವೋ ಅನ್ನುವುದು ವಿಮೆ ಕಚೇರಿಯ ವೆಬ್‌ಸೈಟ್ `ameli.fr`ನ ನಿಮ್ಮ ಖಾತೆಯಲ್ಲಿ ಕಾಣುತ್ತದೆ.

ಲೆಕ್ಕ ನೋಡಿ. 2024ರ ಡಿಸೆಂಬರ್‌ನಿಂದ ಸಾಮಾನ್ಯ ಡಾಕ್ಟರ ಫೀಸು 30 ಯೂರೋ. ನೋಂದಣಿ ಆಗಿದ್ದರೆ ಅದರ 70%, ಅಂದರೆ 21 ಯೂರೋ. ಅದರಲ್ಲಿ 2 ಯೂರೋ ನಿಮ್ಮ ಪಾಲು ಅಂತ ಹಿಡಿದು 19 ಯೂರೋ ಬರುತ್ತದೆ. ನೋಂದಣಿ ಇಲ್ಲದಿದ್ದರೆ 30% ಮಾತ್ರ. 9ರಲ್ಲಿ 2 ಕಳೆದರೆ 7 ಯೂರೋ. ಈ 12 ಯೂರೋ ವ್ಯತ್ಯಾಸವನ್ನು ಸಾಮಾನ್ಯ ಪೂರಕ ವಿಮೆಯೂ ತುಂಬಿಕೊಡುವುದಿಲ್ಲ.

ಚರ್ಮದ ಡಾಕ್ಟರ ಹತ್ತಿರ ಹೋಗುವಾಗಲೂ ಇದೇ ದಾರಿ. ತಜ್ಞರ ಹತ್ತಿರ ಕಳಿಸಲು ನಿಮ್ಮ ಡಾಕ್ಟರು ಬರೆದುಕೊಡುವ ಪತ್ರ `courrier d'adressage` ಅಪ್‌ಲೋಡ್ ಮಾಡಿ, ಸರಿ. ಆದರೆ ದರ ನಿಂತಿರುವುದು ಆ ಫೈಲಿನ ಮೇಲಲ್ಲ, ತಜ್ಞರು ತಮ್ಮ ಬಿಲ್ಲಿನಲ್ಲಿ ‘ಇಂಥ ಡಾಕ್ಟರು ಕಳಿಸಿದ್ದಾರೆ’ ಅಂತ ನಮೂದಿಸುವುದರ ಮೇಲೆ. ಹಾಗಾಗಿ ಹಣ ಕಟ್ಟುವಾಗ ಬಾಯಿ ಬಿಟ್ಟು ಹೆಸರು ಹೇಳಿ. ಸ್ತ್ರೀರೋಗ ತಜ್ಞರು, ಕಣ್ಣಿನ ಡಾಕ್ಟರು, ಹಲ್ಲಿನ ಡಾಕ್ಟರ ಹತ್ತಿರ ಪತ್ರ ಇಲ್ಲದೆ ನೇರವಾಗಿ ಹೋಗಬಹುದು.

ಇನ್ನು ಔಷಧಿ ಚೀಟಿ, `Ordonnance`. ಥೈರಾಯ್ಡ್ ಇರುವ ಗೆಳತಿಯೊಬ್ಬರ ಚೀಟಿಯಲ್ಲಿ ಕೆಳಗಡೆ ಹೀಗಿತ್ತು: `qsp 1 mois, à renouveler 5 fois`. ಒಂದು ತಿಂಗಳಿಗೆ ಸಾಕಾಗುವಷ್ಟು ಕೊಡಿ, ಇನ್ನೂ 5 ಸಲ ಕೊಡಬಹುದು ಅಂತ. ಮೊದಲನೇದೂ ಸೇರಿ ಒಟ್ಟು 6 ತಿಂಗಳು. ಅವರು ಎರಡನೇ ತಿಂಗಳೇ ಆ್ಯಪ್‌ನಲ್ಲಿ ಹೊಸ ಚೀಟಿಗೆ ಕೋರಿಕೆ ಕಳಿಸಿ, ಉತ್ತರಕ್ಕೆ ಕಾಯುತ್ತಾ ಮಾತ್ರೆ ಮುಗಿಸಿಕೊಂಡಿದ್ದರು. ಸುಮ್ನೆ ಅದೇ ಚೀಟಿ ಹಿಡಿದು ಅಂಗಡಿಗೆ ಹೋಗಿದ್ದರೆ ಸಾಕಿತ್ತು. ಚೀಟಿ ಬರೆದ 3 ತಿಂಗಳೊಳಗೆ ಮೊದಲ ಸಲ ಔಷಧಿ ತಗೊಂಡಿರಬೇಕು ಅನ್ನುವುದೂ ನೆನಪಿರಲಿ.

ಆ್ಯಪ್‌ನಲ್ಲಿ ಕಳಿಸುವ ಕೋರಿಕೆ ಬರೀ ಕೋರಿಕೆ. ಡಾಕ್ಟರು ‘ಒಮ್ಮೆ ಬಂದು ತೋರಿಸಿ’ ಅನ್ನಬಹುದು, ಅದು ಅವರ ಹಕ್ಕು. ನನಗೆ ಬೇಸರ ಇರುವುದು ಬೇರೆಯದಕ್ಕೆ. ‘ಕಳಿಸಲಾಗಿದೆ’ ಅಂತ ತೋರಿಸುವ ಜಾಗದಲ್ಲೇ ‘ಕ್ಲಿನಿಕ್ಕಿಗೆ ತಲುಪಿದೆ, ಡಾಕ್ಟರು ಇನ್ನೂ ನೋಡಿಲ್ಲ, ವಿಮೆಗೆ ಇದು ಹೋಗುವುದಿಲ್ಲ’ ಅಂತ ಒಂದು ಸಾಲು ಬರೆದರೆ ಭಾಷೆ ಬಾರದವರಿಗೆ ಎಷ್ಟು ಅನುಕೂಲ ಅಲ್ವಾ? ಇಂಥ ಯಾವ ಆ್ಯಪ್ ಮಾಡುವವರಾದರೂ ಇದನ್ನು ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ದಿನಾ ತಗೊಳ್ಳುವ ಮಾತ್ರೆಯ ಚೀಟಿಯ ಅವಧಿ ಮುಗಿದು, ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಹಳೇ ಚೀಟಿ ಹಿಡಿದು ಮಾಮೂಲಿ ಮೆಡಿಕಲ್ ಶಾಪಿಗೆ ಹೋಗಿ ಕೇಳಿ. ಚಿಕಿತ್ಸೆ ನಡುವೆ ನಿಲ್ಲದಿರಲಿ ಅಂತ ಕೆಲವು ಔಷಧಿಗಳನ್ನು ಷರತ್ತಿನ ಮೇಲೆ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ನಿದ್ದೆ ಮಾತ್ರೆಯಂಥವಕ್ಕೆ ಇದು ನಡೆಯುವುದಿಲ್ಲ.