ನೂರಕ್ಕೆ ಹತ್ತು ಎಂಬ ಸ್ಯಾಂಪಲ್ ಲೆಕ್ಕವನ್ನು ಇನ್ನಾದರೂ ಬಿಡೋಣ

ನಮ್ಮ ಕರಾವಳಿಯ ಗೇರುಬೀಜ ಪ್ಯಾಕಿಂಗ್ ಘಟಕಗಳಲ್ಲಿ ಕ್ವಾಲಿಟಿಯವರನ್ನು ಎಷ್ಟು ಪೌಚ್ ಚೆಕ್ ಮಾಡ್ತೀರಿ ಅಂತ ಕೇಳಿದರೆ, "ನೂರಕ್ಕೆ ಹತ್ತು" ಎಂಬ ಉತ್ತರ ಬರುವುದುಂಟು. ಕೇಳಲು ನ್ಯಾಯವಾಗಿಯೇ ಇದೆ, ಆದರೆ ಲೆಕ್ಕ ತಪ್ಪು.

ಒಂದೂ ಲೀಕ್ ಸಿಗದಿದ್ದರೆ ಲಾಟ್ ಪಾಸ್ ಎಂದು ಇಟ್ಟುಕೊಳ್ಳಿ. 50 ಪೌಚಿನ ಸಣ್ಣ ಲಾಟಿನಲ್ಲಿ 2 ಲೀಕ್ ಇವೆ, ಅಂದರೆ ಶೇ. 4. ಹತ್ತು ಪರ್ಸೆಂಟಿನ ಲೆಕ್ಕದಲ್ಲಿ 5 ತೆಗೆದರೆ, ನೂರರಲ್ಲಿ ಸುಮಾರು 81 ಸಲ ಆ ಎರಡರಲ್ಲಿ ಒಂದೂ ಕೈಗೆ ಸಿಗುವುದಿಲ್ಲ. ಅದೇ ಶೇ. 4 ಲೀಕ್ ಇರುವ 2000ದ ಲಾಟಿನಿಂದ 200 ತೆಗೆದರೆ ತಪ್ಪಿಸಿಕೊಳ್ಳುವುದು ಅಸಾಧ್ಯ ಎನ್ನುವಷ್ಟು ಅಪರೂಪ. ಮಾಲಿನ ಗುಣ ಒಂದೇ, ನಿಯಮವೂ ಒಂದೇ, ತೀರ್ಪು ಮಾತ್ರ ಪೂರಾ ಬೇರೆ. ದೋಷ ಹಿಡಿಯುವ ಶಕ್ತಿ ಇರುವುದು ತೆಗೆದ ಪೌಚುಗಳ ಸಂಖ್ಯೆಯಲ್ಲಿ. ಅದು ಲಾಟಿನ ಎಷ್ಟನೇ ಪಾಲು ಎಂಬುದಕ್ಕೆ ಹೆಚ್ಚಿನ ಬೆಲೆ ಇಲ್ಲ.

ಸ್ಯಾಂಪಲ್ ತಪಾಸಣೆಯ ಭಾರತೀಯ ಮಾನದಂಡವಾದ ಐಎಸ್ 2500ರ ಮೊದಲ ಭಾಗದ ಕೋಷ್ಟಕಗಳು ಇರುವುದೇ ಇದಕ್ಕೆ. 250 ಗ್ರಾಮಿನ ನೈಟ್ರೋಜನ್ ತುಂಬಿದ ಪೌಚ್, ಒಂದು ಶಿಫ್ಟಿಗೆ 2000 ಅನ್ನಿ. ಸಾಮಾನ್ಯ ತಪಾಸಣೆ, ಎರಡನೇ ಮಟ್ಟ, ಎಕ್ಯೂಎಲ್ ಅಂದರೆ ಒಪ್ಪಬಹುದಾದ ದೋಷದ ಮಟ್ಟ ಶೇ. 1 ಎಂದು ಹಿಡಿದರೆ ಕೋಷ್ಟಕ ಹೇಳುವುದು ಇಷ್ಟು: 125 ತೆಗೆಯಿರಿ, ಲೀಕ್ 3ರವರೆಗೆ ಬಂದರೆ ಪಾಸ್, 4 ಬಂದರೆ ರಿಜೆಕ್ಟ್.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಗ ಬೇರೂರುತ್ತದೆ. ಎಕ್ಯೂಎಲ್ ಶೇ. 1 ಅಂದರೆ ಪಾಸಾದ ಲಾಟಿನಲ್ಲಿ ಶೇ. 1ಕ್ಕಿಂತ ಹೆಚ್ಚು ದೋಷ ಇಲ್ಲ ಎಂಬ ಗ್ಯಾರಂಟಿ ಅಲ್ಲ. ಈ ಪ್ಲಾನಿನಲ್ಲಿ ಶೇ. 1 ಲೀಕ್ ಇರುವ ಲಾಟ್ ನೂರಕ್ಕೆ 96 ಸಲ ಪಾಸಾಗುತ್ತದೆ, ಶೇ. 2 ಇದ್ದರೆ ಸುಮಾರು 76 ಸಲ. ಶೇ. 4 ಇದ್ದರೂ ನಾಲ್ಕರಲ್ಲಿ ಒಂದು ಸಲ ದಾಟಿಬಿಡುತ್ತದೆ. ಹಾಗಾಗಿ ರಿಜೆಕ್ಟ್ ಆದ ಲಾಟಿನಿಂದ "ಇನ್ನೊಂದು 125 ತೆಗೆದು ನೋಡುವಾ" ಅನ್ನುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಎರಡು ಅವಕಾಶ ಕೊಟ್ಟರೆ ಅದೇ ಶೇ. 4ರ ಲಾಟ್ ಪಾಸಾಗುವ ಸಂಭವ ಅರ್ಧದ ಹತ್ತಿರಕ್ಕೆ ಬರುತ್ತದೆ.

ಸಂಖ್ಯೆ ಸರಿಯಾದರೂ ತೆಗೆಯುವ ಕ್ರಮ ಕೆಟ್ಟರೆ ಎಲ್ಲ ವ್ಯರ್ಥ. 2000ವನ್ನು 125ರಿಂದ ಭಾಗಿಸಿದರೆ 16. ಪ್ರತಿ 16ನೆಯದನ್ನು ಬೆಲ್ಟಿನಿಂದ ಎತ್ತಿದರೆ ಆಯಿತಲ್ಲ ಅನಿಸುತ್ತದೆ. ಆದರೆ ಮೆಷಿನಿಗೆ ನಾಲ್ಕು ಸೀಲಿಂಗ್ ಹೆಡ್ ಇದ್ದು, ಪೌಚುಗಳು 1, 2, 3, 4 ಎಂಬ ಸರದಿಯಲ್ಲೇ ಬೆಲ್ಟಿಗೆ ಬೀಳುತ್ತಿದ್ದರೆ 16, 32, 48 ಎಲ್ಲವೂ ನಾಲ್ಕನೇ ಹೆಡ್ಡಿನವು. ಮೂರನೇ ಹೆಡ್ಡಿನ ಟೆಫ್ಲಾನ್ ಟೇಪ್ ಸುಟ್ಟು ಅದರ ಪೌಚುಗಳಲ್ಲಿ ಶೇ. 8 ಲೀಕ್ ಆಗುತ್ತಿದ್ದರೂ ನಿಮ್ಮ 125ರಲ್ಲಿ ಅದರದ್ದು ಒಂದೂ ಇರುವುದಿಲ್ಲ. ರಿಜಿಸ್ಟರಿನಲ್ಲಿ ಸೊನ್ನೆ, ಗೋದಾಮಿನಲ್ಲಿ 40 ಲೀಕ್ ಪೌಚ್. ನಮ್ಮ ಜೂನ್-ಜುಲೈಯ ಥಂಡಿಗೆ ಅವುಗಳ ತಿರುಳು ಮೆತ್ತಗಾಗಲು ಹೆಚ್ಚು ದಿನ ಬೇಡ.

ಪರಿಹಾರ ಸುಲಭ. ಪ್ರತಿ 16 ಪೌಚಿಗೆ ಒಂದು ಹೊಸ ಅಂಕಿ ಬೇಕು. ಎಕ್ಸೆಲ್‌ನಲ್ಲಿ ಇದನ್ನು 125 ಸಾಲಿಗೆ ಎಳೆಯಿರಿ:

```
=RANDBETWEEN(1,16)
```

ಹಾಳೆ ಮುಟ್ಟಿದಾಗೆಲ್ಲ ಅಂಕಿಗಳು ಬದಲಾಗುತ್ತವೆ. ಹಾಗಾಗಿ ಕಾಪಿ ಮಾಡಿ ಬರೀ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ, ಶಿಫ್ಟ್ ಶುರುವಾಗುವ ಮೊದಲೇ ಪ್ರಿಂಟ್ ತೆಗೆದಿಡಿ. ಪಟ್ಟಿಯಲ್ಲಿ 11 ಇದ್ದರೆ ಆ ಗುಂಪಿನ 11ನೆಯದೇ, ಪಕ್ಕದ್ದಲ್ಲ. ಸೀಲ್ ಸುಕ್ಕಾಗಿ ಕಂಡ ಪೌಚನ್ನು ಆಪರೇಟರ್ ಮೊದಲೇ ಬದಿಗಿಟ್ಟರೆ, ಅಥವಾ ಪೆಟ್ಟಿಗೆಯ ಮೇಲಿನ ಸಾಲಿನಿಂದಷ್ಟೇ ಎತ್ತಿದರೆ ಆ ಪಟ್ಟಿಗೆ ಅರ್ಥ ಉಳಿಯುವುದಿಲ್ಲ.

ಟೆಸ್ಟ್ ಮಾಡುವಾಗ ಕಣ್ಣು ಬೇಕು. ಪೌಚನ್ನು ನೀರಿನಲ್ಲಿ ಮುಳುಗಿಸಿ ವ್ಯಾಕ್ಯೂಮ್ ಎಳೆದಾಗ, ಮಡಿಕೆಯಲ್ಲಿ ಸಿಕ್ಕಿಕೊಂಡ ಗಾಳಿಯೂ ಒಂದೆರಡು ಗುಳ್ಳೆ ಬಿಟ್ಟು ನಿಂತುಹೋಗುತ್ತದೆ. ಅದು ಲೀಕ್ ಅಲ್ಲ. ಒಂದೇ ಜಾಗದಿಂದ ದಾರ ಎಳೆದ ಹಾಗೆ ಗುಳ್ಳೆ ಬರುತ್ತಲೇ ಇದ್ದರೆ ಲೀಕ್.

ಬ್ಯಾಚ್ ಕೋಡಿನ ಜೊತೆ ಹೆಡ್ ನಂಬರ್ ಕೂಡ ಪ್ರಿಂಟ್ ಆಗಲಿ, ಲೀಕ್ ಸಿಕ್ಕಾಗ ಅದನ್ನೂ ಬರೆಯಿರಿ. ಲೀಕುಗಳು ನಾಲ್ಕೂ ಹೆಡ್ಡಿಗೆ ಹಂಚಿಹೋಗಿದ್ದರೆ ಸೀಲಿನ ಜಾಗಕ್ಕೆ ನುಚ್ಚು, ಸಿಪ್ಪೆಯ ಪುಡಿ ಬೀಳುತ್ತಿದೆಯೇ, ಫಿಲ್ಮ್ ರೋಲ್ ಸರಿ ಇದೆಯೇ ಎಂದು ಮೊದಲು ನೋಡಿ. ಮೂರಕ್ಕೆ ಮೂರೂ ಒಂದೇ ಹೆಡ್ಡಿನವಾದರೆ, ಕೋಷ್ಟಕದ ಪ್ರಕಾರ ಲಾಟ್ ಪಾಸ್ ಆಗಿದ್ದರೂ ಆ ಹೆಡ್ ನಿಲ್ಲಿಸಿ ಟೇಪ್ ಮತ್ತು ಒತ್ತಡ ನೋಡಲೇಬೇಕು. ನಂಬರ್ ಇದ್ದರೆ ಆ ಹೆಡ್ಡಿನ 500 ಪೌಚುಗಳನ್ನಷ್ಟೇ ಬೇರೆ ಮಾಡಿ ಒಂದೊಂದಾಗಿ ನೋಡಬಹುದು. ಇಲ್ಲದಿದ್ದರೆ 2000ವನ್ನೂ ನೋಡಬೇಕಾಗುತ್ತದೆ.