ಸೊನ್ನೆ ತೋರಿಸಿದ ಮಾತ್ರಕ್ಕೆ ಟ್ಯಾಂಕ್ ಖಾಲಿ ಅಲ್ಲ

ಬೆಳಿಗ್ಗೆಯಿಂದ ತಲೆ ಕಾದಿದೆ, ಬರೆದು ಮುಗಿಸದೆ ತಣ್ಣಗಾಗಲ್ಲ. ನಾನು ಇನ್‌ಸ್ಟ್ರುಮೆಂಟೇಶನ್ ಕೆಲಸದವನು ಅನ್ನೋದು ಇಲ್ಲಿರೋರಿಗೆಲ್ಲ ಗೊತ್ತಿದೆ, ಹಾಗಾಗಿ ನೇರ ವಿಷಯಕ್ಕೆ ಬರ್ತೀನಿ.

ನಿನ್ನೆ ರಾತ್ರಿ ಒಂದು ಪ್ಲಾಂಟಿನಲ್ಲಿ ನೀರಿನ ಟ್ಯಾಂಕ್ ತುಂಬಿ ಹರಿದಿದೆ. ಐದು ಮೀಟರ್ ಎತ್ತರದ ಟ್ಯಾಂಕ್, ಅದಕ್ಕೆ ನೀರಿನ ಮಟ್ಟ ಅಳೆದು ಕರೆಂಟಾಗಿ ಕಳಿಸುವ ಒಂದು ಲೆವೆಲ್ ಟ್ರಾನ್ಸ್‌ಮಿಟರ್, ಎರಡು ವೈರಿನದು. ಲೆವೆಲ್ 30%ಗೆ ಇಳಿದರೆ ತುಂಬಿಸುವ ಪಂಪ್ ಶುರುವಾಗಬೇಕು, 80%ಗೆ ಏರಿದರೆ ನಿಲ್ಲಬೇಕು. ರಾತ್ರಿ ಜಂಕ್ಷನ್ ಬಾಕ್ಸಿನಲ್ಲಿ ಒಂದು ವೈರ್ ಟರ್ಮಿನಲ್‌ನಿಂದ ಕಳಚಿಕೊಂಡಿದೆ. ಆಗ ಟ್ಯಾಂಕಿನಲ್ಲಿ ನೀರು ಇದ್ದದ್ದು 60%. ಸ್ಕ್ರೀನ್ ತೋರಿಸಿದ್ದು 0.0. ಪಂಪ್‌ಗಳನ್ನು ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿ ಅದನ್ನೇ ನಂಬಿ ಪಂಪ್ ಶುರುಮಾಡಿದೆ. ಅಷ್ಟೇ ಅಲ್ಲ, ಟ್ಯಾಂಕಿನಿಂದ ನೀರು ಎಳೆಯುವ ಪಂಪ್ ಒಣಗಿ ಓಡಬಾರದು ಅಂತ ಅದೇ ಲೆವೆಲ್ ಮೇಲೆ ಇನ್ನೊಂದು ರಕ್ಷಣೆ ಇತ್ತು. ಅದು "ನೀರಿಲ್ಲ" ಅಂತ ಆ ಪಂಪನ್ನು ನಿಲ್ಲಿಸಿದೆ. ಒಳಗೆ ಬರೋದು ಬರ್ತಾನೇ ಇದೆ, ಹೊರಗೆ ಹೋಗೋದು ನಿಂತಿದೆ.

ಬೆಳಿಗ್ಗೆ ಮೀಟಿಂಗಿನಲ್ಲಿ ಮೊದಲು ಬಂದ ಮಾತು, ಆಪರೇಟರ್‌ಗೆ ಮೆಮೊ ಕೊಡಬೇಕು ಅನ್ನೋದು. ಪಾಪ, ಆತ ನನ್ನ ಹತ್ತಿರ ಹೇಳಿದ್ದು ಇಷ್ಟು: "ಸಾರ್, ಲೋ ಲೆವೆಲ್ ಅಲಾರಂ ಬಂತು. ಟ್ಯಾಂಕ್ ಖಾಲಿ ಅಂತ ತೋರಿಸ್ತು. ಡ್ರೈನ್ ವಾಲ್ವ್ ಯಾರಾದ್ರೂ ತೆಗೆದುಬಿಟ್ರಾ ಅಂತ ಲೈನ್ ಹಿಡ್ಕೊಂಡು ನೋಡ್ತಾ ಹೋದೆ. ವಾಪಸ್ ಬರೋಷ್ಟರಲ್ಲಿ ಮೇಲಿಂದ ಸುರೀತಿತ್ತು." ಈ ಮನುಷ್ಯ ಮಾಡಿದ್ದರಲ್ಲಿ ತಪ್ಪೇನಿದೆ? ಸ್ಕ್ರೀನ್ ಹೇಳಿದ್ದನ್ನು ಕೇಳಿದ, ಅದಕ್ಕೆ ತಕ್ಕ ಕೆಲಸ ಮಾಡಿದ. ಸುಳ್ಳು ಹೇಳಿದ್ದು ಸ್ಕ್ರೀನ್.

ಟ್ರೆಂಡ್ ತೆಗೆದು ನೋಡಿದೆ. ಗೆರೆ 60%ರಿಂದ 0ಗೆ ನೆಟ್ಟಗೆ ಬಿದ್ದಿದೆ, ಒಂದೇ ಸ್ಯಾಂಪಲ್‌ನಲ್ಲಿ. ಮೂರು ಮೀಟರ್ ನೀರು ಒಂದು ಸೆಕೆಂಡಿನಲ್ಲಿ ಖಾಲಿಯಾಗುವ ಟ್ಯಾಂಕ್ ಎಲ್ಲೂ ಇಲ್ಲ. ಪ್ರೋಗ್ರಾಂ ತೆರೆದಾಗ ನನಗೆ ಬೇಕಾಗಿದ್ದ ಸಾಲು ಸಿಕ್ಕಿತು:

```
Level := LIMIT(0.0, Level, 100.0);
```

Level 0ಗಿಂತ ಕೆಳಗೆ ಹೋದರೆ 0, 100 ದಾಟಿದರೆ 100 ಅಂತ ಕತ್ತರಿಸುವ ಸಾಲು. ಇದರ ಮೇಲೆಯೇ ನನ್ನ ಸಿಟ್ಟೆಲ್ಲ.

ಟ್ರಾನ್ಸ್‌ಮಿಟರ್ ಕಳಿಸುವ ಕರೆಂಟ್ 4ರಿಂದ 20 ಮಿಲಿಆಂಪ್, 4 ಅಂದರೆ ಖಾಲಿ, 20 ಅಂದರೆ ಪೂರ್ತಿ, ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. 0ರಿಂದಲ್ಲ, 4ರಿಂದ ಯಾಕೆ? ಒಂದು ಕಾರಣ, ಎರಡು ವೈರಿನ ಟ್ರಾನ್ಸ್‌ಮಿಟರ್ ತಾನು ಬದುಕಿರಲು ಬೇಕಾದ ಕರೆಂಟನ್ನೂ ಆ ಎರಡು ವೈರಿನಿಂದಲೇ ಪಡೆಯಬೇಕು. ಇನ್ನೊಂದು, ಟ್ಯಾಂಕ್ ಪೂರ್ತಿ ಖಾಲಿಯಾದರೂ 4 ಮಿಲಿಆಂಪ್ ಹರಿಯುತ್ತಿರಬೇಕು, "ನಾನಿದ್ದೇನೆ, ಟ್ಯಾಂಕ್ ಖಾಲಿ" ಅಂತ ಹೇಳೋದಕ್ಕೆ. ವೈರ್ ತುಂಡಾದರೆ ಕರೆಂಟ್ 0. ಅಂದರೆ ಖಾಲಿಗೂ ತುಂಡಿಗೂ ನಡುವೆ ನಾಲ್ಕು ಮಿಲಿಆಂಪ್ ಅಂತರವನ್ನು ಬೇಕೆಂದೇ ಇಟ್ಟಿದ್ದಾರೆ. ಲೈವ್ ಜೀರೋ ಅಂದರೆ ಇದು, ಜೀವ ಇರುವ ಸೊನ್ನೆ. ಮೇಲಿನ ಆ ಒಂದು ಸಾಲು ಅಂತರವನ್ನು ಅಳಿಸಿ ಎರಡನ್ನೂ ಒಂದೇ ಸೊನ್ನೆ ಮಾಡಿಬಿಡುತ್ತೆ. ಟ್ರಾನ್ಸ್‌ಮಿಟರ್ ಹೇಳಬೇಕಾದ್ದನ್ನು ಹೇಳಿದೆ, ಪಿಎಲ್‌ಸಿ ಕಾರ್ಡ್ ಅದನ್ನು ತಲುಪಿಸಿದೆ. ಬಾಯಿ ಮುಚ್ಚಿಸಿದ್ದು ನಾವು.

ಆ ಸಾಲು ಯಾಕೆ ಬರುತ್ತೆ ಅಂತಲೂ ನನಗೆ ಗೊತ್ತು. ಟ್ಯಾಂಕ್ ಖಾಲಿ ಇದ್ದಾಗ ಟ್ರಾನ್ಸ್‌ಮಿಟರ್ ಸ್ವಲ್ಪ ಜಾರಿ 3.9 ಮಿಲಿಆಂಪ್ ಕೊಡುತ್ತೆ. ಸ್ಕ್ರೀನಿನಲ್ಲಿ -0.03 ಮೀಟರ್ ಅಂತ ಕಾಣುತ್ತೆ. "ನೀರು ಮೈನಸ್ ಹೇಗಾಗುತ್ತೆ?" ಅಂತ ಯಾರೋ ಕೇಳ್ತಾರೆ. ಪ್ರೋಗ್ರಾಂ ಬರೆದವನು ಎರಡು ನಿಮಿಷದಲ್ಲಿ LIMIT ಹಾಕಿ ಮನೆಗೆ ಹೋಗ್ತಾನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಸಾಲನ್ನು ನಾನೂ ಬರೆದಿದ್ದೇನೆ. ನನ್ನ ಟ್ಯಾಂಕ್ ಹರಿಯಲಿಲ್ಲ, ಅಷ್ಟೇ ವ್ಯತ್ಯಾಸ. ಇವತ್ತು ಆ ಆಪರೇಟರ್ ಎದುರು ನಿಂತಾಗ ಅದೇ ನೆನಪಾಗಿ ಮನಸ್ಸು ಕುಗ್ಗಿತು.

ಎಲ್ಲಿ ಗೆರೆ ಎಳೆಯಬೇಕು ಅನ್ನೋದನ್ನು ನಾವು ಊಹೆ ಮಾಡಬೇಕಾಗಿಯೂ ಇಲ್ಲ. ಪ್ರೊಸೆಸ್ ಉದ್ಯಮದವರ ಸಂಘವಾದ ನಮೂರ್‌ನ ಎನ್‌ಇ 43 ಶಿಫಾರಸು ಇದನ್ನು ಸ್ಪಷ್ಟವಾಗಿ ಹೇಳಿದೆ. 3.8ರಿಂದ 20.5 ಮಿಲಿಆಂಪ್‌ವರೆಗೆ ಬಂದದ್ದು ಅಳತೆ. 3.6 ಅಥವಾ ಅದಕ್ಕಿಂತ ಕಡಿಮೆ, 21 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಳತೆಯೇ ಅಲ್ಲ, ದೋಷದ ಸೂಚನೆ. ಆ 3.9 ಮಿಲಿಆಂಪ್ ಅಳತೆಯ ಪಟ್ಟಿಯೊಳಗೇ ಇದೆ. ಸ್ಕ್ರೀನಿಗೆ ಅದನ್ನು 0 ಅಂತ ತೋರಿಸಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ದೋಷ ಇದೆಯೋ ಇಲ್ಲವೋ ಅಂತ ನೋಡಿ ಆದ ಮೇಲೆ.

ನಮ್ಮ ಪಿಎಲ್‌ಸಿ ಕಾರ್ಡಿನಲ್ಲಿ 4 ಮಿಲಿಆಂಪ್ ಅಂದರೆ 0, 20 ಮಿಲಿಆಂಪ್ ಅಂದರೆ 27648. ಒಂದು ಮಿಲಿಆಂಪ್‌ಗೆ 1728 ಎಣಿಕೆ. ಆ ಲೆಕ್ಕದಲ್ಲಿ 3.6 ಅಂದರೆ -691, 21 ಅಂದರೆ 29376. ಇಲ್ಲಿ ಇನ್ನೊಂದು ಬಲೆ ಇದೆ, ಗಮನಿಸಿ. ಕಾರ್ಡಿನ ವೈರ್ ಬ್ರೇಕ್ ಡಯಾಗ್ನಾಸ್ಟಿಕ್ ಆಫ್ ಇದ್ದರೆ, ವೈರ್ ತುಂಡಾದಾಗ ಈ ಕಾರ್ಡ್ -32768 ಕೊಡುತ್ತೆ. ಆನ್ ಮಾಡಿದರೆ ಅದೇ ತುಂಡಾದ ವೈರಿಗೆ 32767 ಕೊಡುತ್ತೆ! ಅದಕ್ಕೂ LIMIT ಹಾಕಿದರೆ ಸ್ಕ್ರೀನಿನಲ್ಲಿ 100%. ಆಗ ಟ್ಯಾಂಕ್ ಹರಿಯಲ್ಲ, ಆದರೆ ತುಂಬಿಸುವ ಪಂಪ್ ಶುರುವಾಗೋದೇ ಇಲ್ಲ, ನೀರು ಎಳೆಯುವ ಪಂಪ್ ಒಣಗಿ ಸುಡುತ್ತೆ. ಸುಳ್ಳಿನ ದಿಕ್ಕು ಮಾತ್ರ ಬದಲಾಯಿತು. ಅದಕ್ಕೇ ಎರಡೂ ತುದಿ ನೋಡಬೇಕು:

```
bad := (raw <= -691) OR (raw >= 29376);
IF NOT bad THEN
    goodRaw := raw;
END_IF;
tBad(IN := bad, PT := T#2S);
IF tBad.Q THEN
    fault := TRUE;
END_IF;
```

ಮಧ್ಯಾಹ್ನ ನಾನು ಹಾಕಿಬಂದದ್ದು ಇದನ್ನು. raw ಅಂದರೆ ಕಾರ್ಡಿನಿಂದ ಬಂದ ಎಣಿಕೆ. ಎಣಿಕೆಯನ್ನು ಪರ್ಸೆಂಟ್ ಮಾಡುವ ಸ್ಕೇಲಿಂಗ್ ಆಗೋದು raw ಮೇಲಲ್ಲ, goodRaw ಮೇಲೆ. ಎರಡು ಸೆಕೆಂಡ್ ಯಾಕೆ ಅಂದರೆ, ಒಂದು ಕ್ಷಣದ ಅಲುಗಾಟಕ್ಕೆಲ್ಲ ಪ್ಲಾಂಟ್ ನಿಲ್ಲಬಾರದು. ಆದರೆ ಆ ಎರಡು ಸೆಕೆಂಡ್ ಕೆಟ್ಟ ಸಂಖ್ಯೆ ಒಳಗೆ ನುಗ್ಗಲೂಬಾರದು. ದೋಷ ಘೋಷಿಸೋದು ತಡವಾಗಲಿ, ಸಂಖ್ಯೆಯನ್ನು ತಡೆಯೋದು ಆ ಸ್ಕ್ಯಾನಿನಲ್ಲೇ ಆಗಬೇಕು. ಇದನ್ನು ಮರೆತವರ ಪ್ಲಾಂಟಿನಲ್ಲಿ ಅಲಾರಂ ಬರುವ ಮೊದಲೇ ಪಂಪ್ ಶುರುವಾಗಿರುತ್ತೆ.

ಅಳತೆಯ ಅಲುಗಾಟವನ್ನು ನಯ ಮಾಡುವ ಫಿಲ್ಟರ್ ಇದ್ದರಂತೂ ಇನ್ನೂ ಕಷ್ಟ. ಇದೇ ಟ್ಯಾಂಕಿಗೆ ಹತ್ತು ಸೆಕೆಂಡ್ ಟೈಮ್ ಕಾನ್‌ಸ್ಟಂಟ್‌ನ ಫಿಲ್ಟರ್ ಹಾಕಿ, ಅದರಿಂದ ಹೊರಬಂದ ಬೆಲೆಯ ಮೇಲೆ ದೋಷ ಹುಡುಕುತ್ತಿದ್ದಾರೆ ಅಂದುಕೊಳ್ಳಿ. ವೈರ್ ತುಂಡಾದಾಗ ಒಳಗಿನ ಬೆಲೆ 0 ಮಿಲಿಆಂಪ್‌ಗೆ, ಅಂದರೆ -25%ಗೆ ಬೀಳುತ್ತೆ ಅಂತಿಟ್ಟುಕೊಂಡರೂ ಫಿಲ್ಟರ್ ಬೆಲೆ 60%ರಿಂದ ನಿಧಾನವಾಗಿ ಜಾರುತ್ತೆ. ಸುಮಾರು 4.4 ಸೆಕೆಂಡಿಗೆ 30% ದಾಟಿ ಪಂಪ್ ಶುರು. ದೋಷದ ಗೆರೆಯಾದ -2.5% ಮುಟ್ಟೋದು 13 ಸೆಕೆಂಡ್ ಕಳೆದ ಮೇಲೆ. ನಡುವಿನ ಒಂಬತ್ತು ಸೆಕೆಂಡ್ ಪಿಎಲ್‌ಸಿ ಪಾಲಿಗೆ ಅದು ನಿಜವಾದ ಲೆವೆಲ್. ದೋಷದ ತಪಾಸಣೆ ಫಿಲ್ಟರ್‌ಗಿಂತ ಮೊದಲು, ಸ್ಕೇಲಿಂಗ್‌ಗಿಂತಲೂ ಮೊದಲು ಆಗಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಇನ್ನು ದೋಷ ಬಂದ ಮೇಲೆ ಏನು ಮಾಡಬೇಕು? "ಕೊನೆಯ ಒಳ್ಳೆ ಬೆಲೆ ಹಿಡಿದಿಟ್ಟರೆ ಸಾಕು" ಅಂತ ಮೀಟಿಂಗಿನಲ್ಲಿ ಒಬ್ಬರು ಅಂದರು. ಎರಡು ಸೆಕೆಂಡಿಗೆ ಸಾಕು, ಅದಕ್ಕಿಂತ ಹೆಚ್ಚಿಗೆ ಸಾಲದು. ಪಂಪ್ ಓಡುತ್ತಿದ್ದು ಲೆವೆಲ್ 45% ಇದ್ದಾಗ ವೈರ್ ತುಂಡಾಯಿತು ಅನ್ನಿ. ಹಿಡಿದಿಟ್ಟ 45% ಯಾವತ್ತೂ 80% ಆಗಲ್ಲ, ಪಂಪ್ ಯಾವತ್ತೂ ನಿಲ್ಲಲ್ಲ, ಮತ್ತೆ ಟ್ಯಾಂಕ್ ಹರಿಯುತ್ತೆ. ಹಾಗಾಗಿ fault ಬಂದ ಕೂಡಲೇ ತುಂಬಿಸುವ ಪಂಪ್ ನಿಲ್ಲಬೇಕು ಅಂತ ಬೇರೆಯಾಗಿಯೇ ಬರೆದೆ. ಎಳೆಯುವ ಪಂಪಿನ ವಿಷಯ ಪ್ರೊಸೆಸ್‌ನವರನ್ನು ಕೇಳಿಯೇ ತೀರ್ಮಾನ ಮಾಡಿದ್ದು. ಅವರು ಅದೂ ನಿಲ್ಲಲಿ ಅಂದರು, ನಿಲ್ಲಿಸಿದೆ. ಯಾವ ಸ್ಥಿತಿ ಸುರಕ್ಷಿತ ಅನ್ನೋದು ವೈರಿಗೆ ಗೊತ್ತಿರಲ್ಲ, ಪ್ರೊಸೆಸ್ ಗೊತ್ತಿರುವವರಿಗೆ ಗೊತ್ತಿರುತ್ತೆ.

ಅಲಾರಂ ಕೂಡ ಬೇರೆ ಮಾಡಿದೆ. ಲೋ ಲೆವೆಲ್ ಅಲ್ಲ, "ಲೆವೆಲ್ ಟ್ರಾನ್ಸ್‌ಮಿಟರ್ ಸಿಗ್ನಲ್ ಇಲ್ಲ" ಅಂತಲೇ ಬರುತ್ತೆ. ಸ್ಕ್ರೀನಿನಲ್ಲಿ ಸಂಖ್ಯೆಯ ಜಾಗದಲ್ಲಿ ಗೆರೆಗಳು. ಸಿಗ್ನಲ್ ಮರಳಿ 3.8 ದಾಟಿದ ಮೇಲೂ ಆಪರೇಟರ್ ಒಪ್ಪಿ ರಿಸೆಟ್ ಒತ್ತುವವರೆಗೆ fault ಹೋಗಲ್ಲ. ಸಡಿಲ ವೈರ್ ಕೂಡುತ್ತೆ, ಬಿಡುತ್ತೆ, ಮತ್ತೆ ಕೂಡುತ್ತೆ. ಪಂಪ್ ಅದರ ತಾಳಕ್ಕೆ ಕುಣಿಯಬಾರದು.

"ಮೇಲೆ ಒಂದು ಫ್ಲೋಟ್ ಸ್ವಿಚ್ ಇದ್ದಿದ್ರೆ ಇದೆಲ್ಲ ಬೇಕಿರಲಿಲ್ಲ" ಅನ್ನೋ ಮಾತೂ ಬಂತು. ಫ್ಲೋಟ್ ಸ್ವಿಚ್ ಇರಲೇಬೇಕು, ಹಾಕಿ ಅಂತ ನಾನೇ ಬರೆದುಕೊಟ್ಟಿದ್ದೇನೆ. ಆದರೆ ಅದು ನೀರು ಹೊರಗೆ ಸುರಿಯೋದನ್ನು ತಡೆಯುತ್ತೆ, ಅಷ್ಟೇ. ಎಳೆಯುವ ಪಂಪ್ ಸುಳ್ಳು ಸೊನ್ನೆಗೆ ನಿಂತಿದ್ದನ್ನು ಅದು ತಡೆಯುತ್ತಿತ್ತಾ? ಆಪರೇಟರ್ ಇಲ್ಲದ ಸೋರಿಕೆ ಹುಡುಕಿಕೊಂಡು ಹೋಗಿದ್ದನ್ನು? ಆ LIMIT ಹಾಗೇ ಇರುವ ತನಕ ಸುಳ್ಳು ಹಾಗೇ ಇರುತ್ತೆ.

ಲೈವ್ ಜೀರೋಗೂ ಕಾಣದ್ದು ಇದೆ, ಅದನ್ನು ಮುಚ್ಚಿಡಲ್ಲ. ಜಂಕ್ಷನ್ ಬಾಕ್ಸಿಗೆ ನೀರು ಇಳಿದು ಎರಡು ಟರ್ಮಿನಲ್ ನಡುವೆ ಕರೆಂಟ್ ಸೋರಿದರೆ, ವೈರ್ ಕಳಚಿದ ಮೇಲೂ ಐದಾರು ಮಿಲಿಆಂಪ್ ಬರಬಹುದು. ಪಿಎಲ್‌ಸಿಗೆ ಅದು ಹತ್ತು ಪರ್ಸೆಂಟ್ ನೀರು. ಅದಕ್ಕೆ ಬದಲಾವಣೆಯ ವೇಗ ನೋಡಬೇಕು, ನೆಟ್ಟಗೆ ಬಿದ್ದ ಆ ಗೆರೆಯಂಥದ್ದನ್ನು ಪ್ರೋಗ್ರಾಮೇ ಹಿಡಿಯುವ ಹಾಗೆ. ಅದನ್ನು ಇವತ್ತು ಮಾಡಲು ಆಗಲಿಲ್ಲ.

ಇದಕ್ಕಿಂತ ನನಗೆ ನೋವಾದದ್ದು ಕಮಿಷನಿಂಗ್ ದಾಖಲೆ ನೋಡಿ. 4, 8, 12, 16, 20 ಮಿಲಿಆಂಪ್ ಕೊಟ್ಟು ಐದೂ ಬಿಂದು ನೋಡಿದ್ದಾರೆ, ಸಹಿ ಇದೆ, ಐದೂ ಸರಿ. ವೈರ್ ಕಳಚಿ ನೋಡಿದವರು ಯಾರೂ ಇಲ್ಲ. ಒಂದು ಸ್ಕ್ರೂಡ್ರೈವರ್, ಒಂದು ನಿಮಿಷ. ಅವತ್ತೇ ಸ್ಕ್ರೀನಿನಲ್ಲಿ 0.0 ಬಂದು ಪಂಪ್ ಶುರುವಾಗೋದು ಎಲ್ಲರ ಕಣ್ಣೆದುರೇ ಕಾಣುತ್ತಿತ್ತು.

ಸಂಜೆ ಆ ಆಪರೇಟರನ್ನೇ ಸ್ಕ್ರೀನ್ ಮುಂದೆ ಕೂರಿಸಿ, ನಾನು ಜಂಕ್ಷನ್ ಬಾಕ್ಸ್ ಹತ್ತಿರ ಹೋಗಿ ವೈರ್ ಕಳಚಿದೆ. ಫೋನಿನಲ್ಲಿ ಆತ ಓದಿದ: "ಸಾರ್, ಲೆವೆಲ್ ಟ್ರಾನ್ಸ್‌ಮಿಟರ್ ಸಿಗ್ನಲ್ ಇಲ್ಲ ಅಂತ ಬಂತು. ಪಂಪ್ ನಿಂತಿದೆ." ಮೆಮೊ ಮಾತು ವಾಪಸ್ ತೆಗೆದುಕೊಳ್ಳಿ ಅಂತ ಬರೆದುಕೊಟ್ಟು ಬಂದಿದ್ದೇನೆ. ಅದೇ LIMIT ಸಾಲು ಆ ಪ್ರೋಗ್ರಾಮಿನಲ್ಲಿ ಇನ್ನೂ ಹನ್ನೊಂದು ಟ್ರಾನ್ಸ್‌ಮಿಟರ್‌ಗಳಿಗೆ ಇದೆ. ಮೂರರ ವೈರ್ ಇವತ್ತು ಕಳಚಿ ನೋಡಿದೆ, ಮೂರೂ ಸೊನ್ನೆ ತೋರಿಸಿದವು. ಉಳಿದ ಎಂಟು ನಾಳೆ.